‘ಹೆಂಗ್ರಿ ಅದು?’ ಅಂತ ಕೇಳಿಸುವ ಬಯೋ ಬರೆಯುವುದು ಹೇಗೆ

ಕಲಬುರಗಿಯಲ್ಲಿ ಹಿಂದೂಸ್ತಾನಿ ಸಂಗೀತ ಕಲಿಯುವ ಹುಡುಗ ಹುಡುಗಿಯರ ಇನ್‌ಸ್ಟಾಗ್ರಾಂ ಬಯೋ ಒಮ್ಮೆ ತೆರೆದು ನೋಡಿ. ‘ಸಂಗೀತ ಪ್ರೇಮಿ’, ‘ಸ್ವರವೇ ನನ್ನ ಉಸಿರು’, ‘ಭೀಮಸೇನ ಜೋಶಿ ಅಭಿಮಾನಿ’. ಬರೆದದ್ದು ಸುಳ್ಳಲ್ಲ. ಆದರೆ ಓದಿದವರಿಗೆ ಕೇಳಲು ಏನೂ ಉಳಿಯುವುದಿಲ್ಲ. ‘ಛಲೋ’ ಅಂದು ಮುಂದೆ ಹೋಗುತ್ತಾರೆ. ಸ್ವಲ್ಪ ಸಲುಗೆ ಇದ್ದವರು ‘ಒಂದು ಹಾಡು ಹಾಡ್ರಿ’ ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯಿತು.

ಎಲ್ಲರಿಗೂ ಗೊತ್ತಿರದ ಒಂದು ಹವ್ಯಾಸ ಇರುವವರಿಗೆ ಬಯೋ ಕಷ್ಟವಾಗುವುದು ಇಲ್ಲೇ. ಕ್ರಿಕೆಟ್ ಇಷ್ಟ ಅಂತ ಬರೆದರೆ ಎದುರಿಗಿದ್ದವರಿಗೆ ನಾಲ್ಕು ಪ್ರಶ್ನೆ ತಾವಾಗಿಯೇ ಬರುತ್ತವೆ, ಯಾಕೆಂದರೆ ಆ ಆಟ ಅವರಿಗೂ ಗೊತ್ತು. ಹಿಂದೂಸ್ತಾನಿ ಸಂಗೀತದ ಒಂದು ಬಗೆಯಾದ ಖ್ಯಾಲ್ ಗಾಯನ ಅಂತ ಬರೆದರೆ ಏನು ಕೇಳಬೇಕು ಅಂತಲೇ ಅವರಿಗೆ ತಿಳಿಯುವುದಿಲ್ಲ. ಕೇಳಿದರೆ ನಾವು ದಡ್ಡರು ಅನ್ನಿಸಿಬಿಡುತ್ತೇವೋ ಏನೋ ಅಂತ ಸುಮ್ನಾಗುತ್ತಾರೆ. ಹಾಗಾಗಿ ಬಯೋ ಮಾಡಬೇಕಾದ ಕೆಲಸ ಒಂದೇ. ಏನೂ ಗೊತ್ತಿಲ್ಲದವರೂ ಧೈರ್ಯವಾಗಿ ಕೇಳಬಹುದಾದ ಒಂದು ಪ್ರಶ್ನೆಯನ್ನು ಅವರ ಕೈಗೆ ಕೊಡಬೇಕು.

ನನ್ನ ತಂಗಿಯ ಮಗಳು ಕಲಬುರಗಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ, ಖ್ಯಾಲ್ ಕಲಿಯುತ್ತಿದ್ದಾಳೆ. ಅವಳ ಬಯೋವನ್ನು ನಾವಿಬ್ಬರೂ ಕೂತು ತಿದ್ದಿದ್ದೆವು. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು ಜಾಗ ಎಷ್ಟಿದೆ ನೋಡಿ

ಇನ್‌ಸ್ಟಾಗ್ರಾಂ ಬಯೋಗೆ 150 ಅಕ್ಷರ ಕೊಡುತ್ತದೆ. ವಾಟ್ಸಾಪ್‌ನ ‘ಅಬೌಟ್’ ಸಾಲಿಗೆ 139. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ನಾವು ಒಂದು ಅಕ್ಷರ ಅಂತ ಓದುವುದನ್ನು ಫೋನು ಸಾಮಾನ್ಯವಾಗಿ ಬಿಡಿಸಿ ಎಣಿಸುತ್ತದೆ. ಗುಣಿತದ ಗುರುತು ಬೇರೆ, ಒತ್ತು ಕೊಡುವ ಗುರುತು ಬೇರೆ, ಸೊನ್ನೆ ಬೇರೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಆ ಲೆಕ್ಕದಲ್ಲಿ 6. ‘ಹಿಂದೂಸ್ತಾನಿ’ ನಮಗೆ 4 ಅಕ್ಷರ, ಅಲ್ಲಿ 11. ‘ಕಲಿಯುತ್ತಿದ್ದೇನೆ’ ನಮಗೆ 6, ಅಲ್ಲಿ 15.

ಅಂದರೆ 150 ಅಂತ ಇದ್ದರೂ ಕನ್ನಡದಲ್ಲಿ ಸಿಗುವುದು ಮೂರ್ನಾಲ್ಕು ಸಣ್ಣ ವಾಕ್ಯ, ಅಷ್ಟೇ. ಒತ್ತಕ್ಷರ ಜಾಸ್ತಿ ಇರುವ ದೊಡ್ಡ ಸಂಸ್ಕೃತ ಪದಗಳು ಜಾಗವನ್ನೆಲ್ಲ ತಿಂದುಬಿಡುತ್ತವೆ. ‘ಶಾಸ್ತ್ರೀಯ ಸಂಗೀತಾಭ್ಯಾಸಿ’ ಅಂತ ಬರೆದರೆ ಜಾಗವೂ ಹೋಯಿತು, ಪ್ರಶ್ನೆಯೂ ಹುಟ್ಟಲಿಲ್ಲ. ನಮ್ಮ ಕಡೆಯ ಮಾತಿನಲ್ಲೇ ಬರೆಯುವ ಮನಸ್ಸಿದ್ದರೆ ‘ಕಲೀಲತ್ತೀನಿ’ ಅಂತ ಬರೆಯಬಹುದು. ಅದು 10ರಲ್ಲೇ ಮುಗಿಯುತ್ತದೆ, ನೀವು ಯಾವ ಸೀಮೆಯವರು ಅನ್ನುವುದನ್ನೂ ಹೇಳಿಬಿಡುತ್ತದೆ. ಆದರೆ ಮೈಸೂರು ಮಂಗಳೂರು ಕಡೆಯವರೂ ಓದಬೇಕು ಅಂತಿದ್ದರೆ ಪುಸ್ತಕದ ರೂಪವೇ ಸಲೀಸು. ತಂಗಿ ಮಗಳು ಅದನ್ನೇ ಆರಿಸಿಕೊಂಡಳು.

ಬರೆಯುವ ಮುನ್ನ ಸಾಮಾನು ಕೂಡಿಸಿ

ನೇರ ಬಯೋ ಬರೆಯಲು ಕೂತರೆ ಮತ್ತೆ ‘ಸಂಗೀತ ಪ್ರೇಮಿ’ಯೇ ಬರುತ್ತದೆ. ಮನಸ್ಸಿಗೆ ಮೊದಲು ಸಿಗುವುದು ಭಾವನೆ. ಪ್ರಶ್ನೆ ಹುಟ್ಟುವುದು ವಸ್ತುವಿನಿಂದ, ಕೆಲಸದಿಂದ. ಆದ್ದರಿಂದ ಒಂದು ದಿನ ಹಾಡಿನ ಅಭ್ಯಾಸಕ್ಕೆ, ಅಂದರೆ ರಿಯಾಜ್‌ಗೆ ಕೂತಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎದುರಿಗೆ ಏನಿದೆ, ಕೈ ಏನು ಮಾಡುತ್ತಿದೆ, ಯಾವುದಕ್ಕೆ ಹೊತ್ತು ಹಿಡಿಯುತ್ತದೆ, ಯಾವುದು ಇನ್ನೂ ಬರುತ್ತಿಲ್ಲ, ಮನೆಯವರು ನೋಡಿ ಏನನ್ನುತ್ತಾರೆ ಅಂತ ಬರೆದುಕೊಳ್ಳಿ. ಚೆಂದ ಮಾಡಿ ಬರೆಯಬೇಡಿ. ಕಂಡದ್ದನ್ನು ಕಂಡ ಹಾಗೆ ಹಾಕಿ.

ಅವಳು ಬರೆದುಕೊಂಡು ಬಂದದ್ದರಲ್ಲಿ ನಾಲ್ಕು ಸಂಗತಿ ಗಟ್ಟಿಯಾಗಿದ್ದವು.

ಒಂದು, ತಂಬೂರಿಯ ಮೊದಲ ತಂತಿ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ನಡುವಿನ ಎರಡು ‘ಸ’, ಅಂದರೆ ಷಡ್ಜ, ಕೊನೆಯದು ಕೆಳಗಿನ ಷಡ್ಜ. ಮೊದಲನೆಯದನ್ನು ಹೆಚ್ಚಾಗಿ ಪಂಚಮಕ್ಕೆ, ಅಂದರೆ ‘ಪ’ ಸ್ವರಕ್ಕೆ ಸೇರಿಸುತ್ತಾರೆ. ಆದರೆ ಮಾಲಕಂಸ ರಾಗದಲ್ಲಿ ಪಂಚಮವೇ ಇಲ್ಲ. ಅದನ್ನು ಹಾಡುವ ದಿನ ಬಿರಡೆ ತಿರುಗಿಸಿ ಮೊದಲ ತಂತಿಯನ್ನು ಮಧ್ಯಮಕ್ಕೆ, ಅಂದರೆ ‘ಮ’ ಸ್ವರಕ್ಕೆ ಇಳಿಸಬೇಕು.

ಎರಡು, ದಾರ. ತಂಬೂರಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ ಪ್ರತಿ ತಂತಿಯ ಕೆಳಗೂ ಒಂದೆಳೆ ದಾರ ಸಿಗಿಸಿರುತ್ತಾರೆ. ಅದನ್ನು ಹಿಂದೆ ಮುಂದೆ ಕೂದಲೆಳೆಯಷ್ಟು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಗುಂಯ್‌ಗುಡಲು ಶುರುವಾಗುತ್ತದೆ. ದಾರ ತೆಗೆದರೆ ಅದೇ ತಂತಿ ಚಪ್ಪೆ.

ಮೂರು, ಬಿಸಿಲು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯ ಧಗೆಗೆ ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಹಾಡುತ್ತ ಹಾಡುತ್ತಲೇ ಮತ್ತೆ ಸರಿಮಾಡಿಕೊಳ್ಳಬೇಕು.

ನಾಲ್ಕು, ಹಾಡಿನ ಉದ್ದ. ಅವಳು ಕಲಿಯುತ್ತಿರುವ ಹಾಡಿನಲ್ಲಿ, ಅಂದರೆ ಬಂದಿಶ್‌ನಲ್ಲಿ ಇರುವುದು ಎರಡೇ ಸಾಲು, ಮೊದಲನೆಯದು ಸ್ಥಾಯಿ, ಎರಡನೆಯದು ಅಂತರಾ. ಅದನ್ನು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ ಅರ್ಧ ಗಂಟೆ ಹಾಡಬೇಕು.

ಇನ್ನೂ ಕೆಲವು ಇದ್ದವು. ಬೆಳಗಿನ ಜಾವ ಕೆಳಗಿನ ಮಂದ್ರ ಸ್ವರ ಹಿಡಿದು ಕೂರುವುದು, ಪಕ್ಕದ ಮನೆಯವರು ಅದಕ್ಕೆ ಹೇಳುವ ಮಾತು, ಗುರುಗಳ ಬೈಗುಳ. ಅವು ನಗಲು ಚೆನ್ನಾಗಿವೆ. ನಕ್ಕ ಮೇಲೆ ಪ್ರಶ್ನೆ ಉಳಿಯಲಿಲ್ಲ. ಅದಕ್ಕೇ ಪಕ್ಕಕ್ಕಿಟ್ಟೆವು.

ಯಾವುದನ್ನು ಆರಿಸಬೇಕು

ಇದೇ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಬೇಡ. ಪ್ರತಿಯೊಂದು ಸಂಗತಿಯನ್ನೂ ಮೂರು ಮಾತಿಗೆ ಹಿಡಿದು ನೋಡಿ. ಸಂಗೀತದ ಗಂಧವಿಲ್ಲದವರಿಗೂ ಇದು ಕಣ್ಣಿಗೆ ಕಟ್ಟುತ್ತದೆಯೇ? ಕೇಳಿದ ಕೂಡಲೇ ‘ಅದು ಹೆಂಗ?’ ಅಥವಾ ‘ಯಾಕ?’ ಅನ್ನಿಸುತ್ತದೆಯೇ? ಆ ಪ್ರಶ್ನೆ ಬಂದರೆ ನೀವು ಐದು ನಿಮಿಷ ಖುಷಿಯಿಂದ ಮಾತಾಡಬಲ್ಲಿರಾ?

ತಂಬೂರಿ ತಂತಿಯ ಸಂಗತಿ ಮೊದಲ ಮಾತಿಗೇ ಸೋಲುತ್ತದೆ. ಪಂಚಮ ಅಂದರೇನು ಅಂತ ಗೊತ್ತಿಲ್ಲದವರಿಗೆ ಅದು ಯಾಕೆ ಇಲ್ಲ ಅನ್ನುವುದು ವಿಚಿತ್ರ ಅನ್ನಿಸುವುದೇ ಇಲ್ಲ. ಬಿಸಿಲಿನ ಸಂಗತಿ ನಮ್ಮ ಕಡೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಅವರು ಹೇಳುವುದು ‘ಹೌದ್ರಿ, ಈ ಸಲ ಭಾಳ ಬಿಸಿಲು’ ಅಂತ, ಮಾತು ಹವಾಮಾನದ ಕಡೆ ಹೊರಳುತ್ತದೆ. ದಾರ ಚೆನ್ನಾಗಿದೆ, ಕಣ್ಣಿಗೂ ಕಾಣುತ್ತದೆ, ‘ದಾರ ಯಾಕೆ?’ ಅಂತಲೂ ಕೇಳಬಹುದು. ಇದನ್ನು ಎರಡನೆಯದಾಗಿ ಇಟ್ಟುಕೊಂಡೆವು. ಆದರೆ ಅದನ್ನು ಹೇಳಲು ತಂಬೂರಿ, ಕುದುರೆ, ತಂತಿ ಎಲ್ಲವನ್ನೂ ತರಬೇಕು, 150ರಲ್ಲಿ ಅಷ್ಟು ಜಾಗ ಇಲ್ಲ.

ಎರಡು ಸಾಲು, ಅರ್ಧ ಗಂಟೆ. ಇದಕ್ಕೆ ಯಾವ ಪದದ ಅರ್ಥವೂ ಗೊತ್ತಿರಬೇಕಿಲ್ಲ. ಹಾಡು ಅಂದರೆ ಎಲ್ಲರಿಗೂ ಗೊತ್ತು, ಸಾಲು ಗೊತ್ತು, ಅರ್ಧ ಗಂಟೆ ಎಷ್ಟು ಉದ್ದ ಅಂತಲೂ ಗೊತ್ತು. ಸಿನಿಮಾ ಹಾಡು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಎರಡೇ ಸಾಲಿಗೆ ಅರ್ಧ ಗಂಟೆ ಅಂದರೆ ಲೆಕ್ಕ ಕೂಡುವುದಿಲ್ಲ ಅಲ್ವಾ? ಆ ಕೂಡದ ಲೆಕ್ಕವೇ ಪ್ರಶ್ನೆ ಕೇಳಿಸುತ್ತದೆ. ಒಳ್ಳೆಯ ಬಯೋ ಹುಡುಕುವಾಗ ನಾನು ನೋಡುವುದು ಇದನ್ನೇ. ಎರಡೂ ಗೊತ್ತಿರುವ ಸಂಗತಿಗಳೇ ಆಗಿರಬೇಕು, ಆದರೆ ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಹೊಂದಬಾರದು.

ಬರೆದು, ಕತ್ತರಿಸಿ

ಅವಳ ಹಳೆಯ ಬಯೋ ಹೀಗಿತ್ತು:

ಸಂಗೀತ ಪ್ರೇಮಿ | ಹಿಂದೂಸ್ತಾನಿ ಗಾಯನ ವಿದ್ಯಾರ್ಥಿನಿ | ಬ್ಯಾಂಕ್ ಉದ್ಯೋಗಿ | ಕಲಬುರಗಿ

ಇದು ಐಡಿ ಕಾರ್ಡ್‌ನಲ್ಲಿ ಇರುವ ಮಾಹಿತಿ. ಓದಿದವರಿಗೆ ಅವಳು ಯಾರು ಅಂತ ತಿಳಿಯಿತು, ಮುಗಿಯಿತು. ಆಮೇಲೆ ಅವಳು ಒಂದು ಹೊಸದನ್ನು ಬರೆದು ಕಳಿಸಿದಳು:

ವಿಲಂಬಿತ ಏಕತಾಲದ ಬಡಾ ಖ್ಯಾಲ್, ಮಾಲಕಂಸದ ಮಂದ್ರ ಸಪ್ತಕ, ಸದ್ಯ ಅಲ್ಲೇ ನನ್ನ ವಾಸ.

ಇದರಲ್ಲಿ ವಸ್ತು ಇದೆ, ನಿಜವಾದ ಕೆಲಸ ಇದೆ. ಆದರೆ ಸಂಗೀತ ಗೊತ್ತಿದ್ದವರಿಗೆ ಮಾತ್ರ. ಅವರೂ ಕೇಳುವುದು ‘ಯಾವ ಘರಾಣೆ? ಯಾರ ಹತ್ತಿರ ಕಲೀತೀರಿ?’ ಅಂತ. ಅದು ಕುತೂಹಲಕ್ಕಿಂತ ಹೆಚ್ಚಾಗಿ ಪರೀಕ್ಷೆ. ಉಳಿದವರಿಗೆ ಈ ಬಯೋ ಮುಚ್ಚಿದ ಬಾಗಿಲು.

ಕೊನೆಗೆ ನಿಂತದ್ದು ಇದು:

ಎರಡು ಸಾಲಿನ ಹಾಡನ್ನು ಅರ್ಧ ಗಂಟೆ ಹಾಡಲು ಕಲಿಯುತ್ತಿದ್ದೇನೆ. ಹಿಂದೂಸ್ತಾನಿ ಖ್ಯಾಲ್. ಸದ್ಯ ಮೊದಲ ಸಾಲಿನಲ್ಲೇ ಇದ್ದೇನೆ. ಬ್ಯಾಂಕ್ ಉದ್ಯೋಗ, ಕಲಬುರಗಿ.

ಫೋನಿನ ಲೆಕ್ಕದಲ್ಲಿ ಇದು 125. ವಾಟ್ಸಾಪ್‌ಗೂ ಹಿಡಿಸುತ್ತದೆ. ಸಾಲುಗಳ ಕ್ರಮ ಗಮನಿಸಿ. ವಿಚಿತ್ರ ಅನ್ನಿಸುವುದು ಮೊದಲು ಬಂತು, ಅದರ ಹೆಸರು ಆಮೇಲೆ. ‘ಹಿಂದೂಸ್ತಾನಿ ಖ್ಯಾಲ್’ ಅಂತ ಮೊದಲೇ ಹಾಕಿದರೆ ‘ಇದು ನನಗೆ ಸಂಬಂಧಪಟ್ಟದ್ದಲ್ಲ’ ಅಂತ ಓದುವವರು ಅಲ್ಲೇ ಬಿಡುತ್ತಾರೆ. ಹಾಗಂತ ಹೆಸರನ್ನೇ ತೆಗೆದುಹಾಕಲೂಬಾರದು. ಸಂಗೀತ ಬಲ್ಲವರು ಗುರುತು ಹಿಡಿಯುವುದು ಅದರಿಂದಲೇ, ಅವರ ಪ್ರಶ್ನೆಯೂ ಬೇಕು.

‘ಸದ್ಯ ಮೊದಲ ಸಾಲಿನಲ್ಲೇ ಇದ್ದೇನೆ’ ಅನ್ನುವುದು ನಿಜವಾದ ಮಾತು. ಖ್ಯಾಲ್‌ನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಸ್ಥಾಯಿಯ ವಿಸ್ತಾರವೇ. ಈ ಸಾಲು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಇವಳು ದೊಡ್ಡ ಗಾಯಕಿ ಅಂತ ಹೇಳಿಕೊಳ್ಳುತ್ತಿಲ್ಲ, ಕಲಿಯುತ್ತಿದ್ದಾಳೆ ಅಂತ ತಿಳಿಸುತ್ತದೆ. ಕಲಿಯುವವರ ಹತ್ತಿರ ಸಣ್ಣ ಪ್ರಶ್ನೆ ಕೇಳಲು ಯಾರೂ ಹಿಂಜರಿಯುವುದಿಲ್ಲ.

ಇನ್ನೂ 25 ಅಕ್ಷರದ ಜಾಗ ಉಳಿದಿತ್ತು. ‘ಮಾಮಾ, ದಾರದ್ದೂ ಹಾಕೋಣೇನು?’ ಅಂದಳು. ಬೇಡ ಅಂದೆ. ಒಂದು ಬಯೋದಲ್ಲಿ ಒಂದೇ ಪ್ರಶ್ನೆ ಇರಲಿ. ಎರಡು ಇಟ್ಟರೆ ಓದುವವರು ಯಾವುದನ್ನು ಕೇಳಲಿ ಅಂತ ಯೋಚಿಸುತ್ತಾರೆ, ಯೋಚಿಸುತ್ತ ಮುಂದೆ ಸರಿಯುತ್ತಾರೆ. ದಾರದ ವಿಷಯ ಫೋಟೊ ಹಾಕುವಾಗ ಅದರ ಕೆಳಗೆ ಬರೆಯಲು ಬರುತ್ತದೆ.

‘ಸಂಗೀತದ ಬಗ್ಗೆ ಏನು ಬೇಕಾದರೂ ಕೇಳಿ’ ಅನ್ನುವ ಸಾಲನ್ನೂ ಹಲವರು ಸೇರಿಸುತ್ತಾರೆ. ನನ್ನ ಅನುಭವದಲ್ಲಿ ಅದರಿಂದ ಏನೂ ಆಗುವುದಿಲ್ಲ. ಏನು ಬೇಕಾದರೂ ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಇದು ಯಾವ ರಾಗ, ಹೇಳಿ ನೋಡೋಣ’ ಅನ್ನುವುದು ಇನ್ನೂ ಕೆಟ್ಟದ್ದು. ಗೊತ್ತಿಲ್ಲದವರು ಸೋತ ಹಾಗಾಗುತ್ತದೆ, ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ‘ಸ್ವರಗಳ ಹಿಂದೆ ಅಲೆಯುವವಳು’ ಅನ್ನುವ ಥರದ್ದು ಕೇಳಲು ಹಿತವಾಗಿದೆ, ಆದರೆ ಹಿಡಿಯಲು ಅದರಲ್ಲಿ ಏನೂ ಇಲ್ಲ.

ಹಾಕುವ ಮೊದಲು ಓದಿ ಹೇಳಿ

ಬರೆದದ್ದನ್ನು ನಿಮ್ಮ ಸಂಗೀತದ ಗೆಳೆಯರಿಗೆ ತೋರಿಸಬೇಡಿ, ಅವರಿಗೆ ಎಲ್ಲವೂ ಅರ್ಥವಾಗುತ್ತದೆ. ಆಫೀಸಿನಲ್ಲಿ ಪಕ್ಕದಲ್ಲಿ ಕೂರುವವರಿಗೆ, ಮನೆಯಲ್ಲಿ ಕಾಕಾನಿಗೋ ಅತ್ತಿಗೆಗೋ ಬಾಯಿಮಾತಿನಲ್ಲಿ ಓದಿ ಹೇಳಿ. ಓದಿದ ಮೇಲೆ ಸುಮ್ನೆ ಇರಿ, ವಿವರಿಸಲು ಹೋಗಬೇಡಿ. ಮೊದಲು ಅವರ ಬಾಯಿಂದ ಏನು ಬರುತ್ತದೆ ಅನ್ನುವುದೇ ಉತ್ತರ.

‘ಛಲೋ ಅದ’ ಅಂದರೆ ಬಯೋ ಕೆಲಸ ಮಾಡಿಲ್ಲ. ‘ಹಂಗಂದ್ರ?’ ಅಂತ ಮುಖ ಗಂಟಿಕ್ಕಿದರೆ ಯಾವುದೋ ಪದ ಅಡ್ಡ ಬಂದಿದೆ, ಯಾವುದು ಅಂತ ಕೇಳಿ ಅದನ್ನು ತೆಗೆಯಿರಿ. ‘ಒಂದು ಹಾಡು ಹಾಡು’ ಅಂದರೆ ಬಯೋದಲ್ಲಿ ಹಾಡುಗಾರ್ತಿ ಕಾಣುತ್ತಿದ್ದಾಳೆ, ಹಾಡಿನ ಕೆಲಸ ಕಾಣುತ್ತಿಲ್ಲ. ಅವಳು ಇದನ್ನು ಆಫೀಸಿನಲ್ಲಿ ಓದಿದಾಗ ಒಬ್ಬ ಹಿರಿಯರು ಕೇಳಿದರಂತೆ: ‘ಎರಡ ಸಾಲಿಗೆ ಅರ್ಧ ತಾಸ ಹೆಂಗ್ರಿ ಮೇಡಂ? ಅದೇ ಅದೇ ಹಾಡ್ತೀರೇನು?’ ಬೇಕಾಗಿದ್ದದ್ದು ಇದೇ. ಅವರ ಎರಡನೇ ಪ್ರಶ್ನೆ ಇನ್ನೂ ಒಳ್ಳೆಯದು, ಯಾಕೆಂದರೆ ಅದರಲ್ಲಿ ಅವರದೇ ಒಂದು ಊಹೆ ಇದೆ. ಊಹೆ ಮಾಡುವವರು ಆಗಲೇ ಒಳಗೆ ಬಂದಿರುತ್ತಾರೆ.

ಹಾಕಿದ ಮೇಲೆ ಎರಡು ವಾರ ಮುಟ್ಟಬೇಡಿ. ಬರುವ ಸಂದೇಶಗಳಲ್ಲಿ ‘ಸೂಪರ್’, ‘ನೈಸ್’ ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೇಗೆ, ಯಾಕೆ, ಏನು ಅಂತ ಶುರುವಾಗುವವು ಮಾತ್ರ ಲೆಕ್ಕ. ಅವು ಬರುತ್ತಲೇ ಇಲ್ಲ ಅಂದರೆ ಮೊದಲ ಸಾಲನ್ನೇ ಬದಲಿಸಬೇಕು, ಕೊನೆಯ ಸಾಲು ತಿದ್ದಿ ಪ್ರಯೋಜನವಿಲ್ಲ.

ಪ್ರಶ್ನೆ ಬಂದಾಗ

ಬಯೋ ಚೆನ್ನಾಗಿದ್ದೂ ಮಾತು ಮುರಿಯುವುದು ಇಲ್ಲಿ. ಯಾರೋ ಪಾಪ ಒಂದು ಸಾಲು ಕೇಳಿರುತ್ತಾರೆ, ನಾವು ಸಂಗೀತಶಾಸ್ತ್ರದ ಪಾಠ ಸುರಿದುಬಿಡುತ್ತೇವೆ. ಅದಕ್ಕೇ ಉತ್ತರವನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಮೂರ್ನಾಲ್ಕು ವಾಕ್ಯ ಸಾಕು. ಅವಳು ಸಿದ್ಧಮಾಡಿಕೊಂಡದ್ದು ಹೀಗಿತ್ತು:

‘ತಬಲಾದಲ್ಲಿ 12 ಮಾತ್ರೆಯ ಒಂದು ಸುತ್ತು ಇರುತ್ತೆ. ನಿಧಾನ ಲಯದಲ್ಲಿ ಆ ಒಂದು ಸುತ್ತು ಮುಗಿಯೋಕೆ ಮುಕ್ಕಾಲು ನಿಮಿಷದಷ್ಟು ಬೇಕು. ಪ್ರತಿ ಸುತ್ತಿನಲ್ಲೂ ರಾಗದ ಬೇರೆ ಬೇರೆ ಸ್ವರದ ಸುತ್ತ ಹಾಡಿ, ಸುತ್ತು ಮುಗಿದು ಮತ್ತೆ ಶುರುವಾಗೋ ಏಟಿಗೆ ಸರಿಯಾಗಿ ಹಾಡಿನ ಮೊದಲ ಪದಗಳಿಗೆ ವಾಪಸ್ ಬರಬೇಕು. ಸಾಲು ಅದೇ, ಅಲ್ಲಿಗೆ ಬರೋ ದಾರಿ ಪ್ರತಿ ಸಲ ಬೇರೆ.’

ಅರ್ಧ ಗಂಟೆಗೆ ಹೆಚ್ಚುಕಡಿಮೆ 40 ಸುತ್ತು ಆಯಿತು. ಬ್ಯಾಂಕಿನವರಿಗೆ ಈ ಲೆಕ್ಕ ಬಹಳ ಹಿಡಿಸಿತಂತೆ. ಇಲ್ಲಿ ಸಮ್, ಮುಖಡಾ, ಬಢತ್ ಅನ್ನುವ ಯಾವ ಪದವೂ ಬಂದಿಲ್ಲ ನೋಡಿ. ಕೇಳುವವರು ‘ಆ ಏಟಿಗೆ ಏನಂತಾರೆ?’ ಅಂತ ಕೇಳಿದರೆ ಆಗ ಸಮ್ ಅಂತ ಹೇಳಬಹುದು. ಕೇಳಿ ತಿಳಿದ ಪದ ನೆನಪಿನಲ್ಲಿ ಉಳಿಯುತ್ತದೆ.

ಉತ್ತರದ ಕೊನೆಗೆ ಅವರ ಕಡೆಗೂ ಒಂದು ಮಾತು ದಾಟಿಸಿ. ‘ನಿಮಗೆ ಸಂಗೀತ ಇಷ್ಟಾನಾ?’ ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂತ ಮುಗಿಯುತ್ತದೆ. ‘ನೀವು ಎಷ್ಟು ಸಲ ಕೇಳಿದರೂ ಬೇಸರ ಆಗದ ಒಂದು ಸಾಲು ಯಾವುದು?’ ಅಂತ ಕೇಳಿದರೆ ಅವರೂ ತಮ್ಮದೇನೋ ಹೇಳಬೇಕಾಗುತ್ತದೆ. ಅದು ತತ್ವಪದ ಇರಬಹುದು, ಕವ್ವಾಲಿ ಇರಬಹುದು, ಸಿನಿಮಾ ಹಾಡಿರಬಹುದು. ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು ಎರಡನ್ನೂ ನೋಡುತ್ತ ಬೆಳೆದ ಊರಿನವರಿಗೆ ಇಂಥ ಒಂದು ಸಾಲು ಇದ್ದೇ ಇರುತ್ತದೆ.

ಮದುವೆಯ ಬಯೋಡೇಟಾ ಆದರೆ

ಇಲ್ಲಿ ಓದುವವರು ಬೇರೆ. ಹುಡುಗ ಅಥವಾ ಹುಡುಗಿಗಿಂತ ಮೊದಲು ಅವರ ಅಪ್ಪ ಅವ್ವ, ಅಣ್ಣ ಅತ್ತಿಗೆ ಓದುತ್ತಾರೆ. ‘ಹವ್ಯಾಸ: ಸಂಗೀತ’ ಅಂತ ಇದ್ದರೆ ಅವರ ಮನಸ್ಸಿನಲ್ಲಿ ಬರುವ ಪ್ರಶ್ನೆ ಒಂದೇ, ‘ಮದುವಿ ಆದ ಮ್ಯಾಲೂ ಹಾಡ್ತಾಳೇನು?’ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತಾರೆ. ಆ ಉತ್ತರವನ್ನು ನೀವೇ ಬಯೋಡೇಟಾದಲ್ಲಿ ಕೊಟ್ಟುಬಿಡಿ. ಆಗ ಅವರಿಗೆ ಬೇರೆ ಪ್ರಶ್ನೆ ಕೇಳಲು ಜಾಗ ಸಿಗುತ್ತದೆ.

ಬಯೋಡೇಟಾದಲ್ಲಿ ಜಾಗಕ್ಕೆ ಕೊರತೆಯಿಲ್ಲ, ಆದರೂ ನಾಲ್ಕು ವಾಕ್ಯ ದಾಟಬೇಡಿ:

‘ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ರಾತ್ರಿ ಊಟ ಆದ ಮೇಲೆ ಒಂದು ತಾಸು ತಂಬೂರಿ ಮುಂದೆ ಕೂರುತ್ತೇನೆ, ಮದುವೆಯ ನಂತರವೂ ಇದನ್ನು ಮುಂದುವರಿಸುವ ಆಸೆ ಇದೆ. ಈಗ ಕಲಿಯುತ್ತಿರುವ ಹಾಡಿನಲ್ಲಿ ಇರುವುದು ಎರಡೇ ಸಾಲು, ಅದನ್ನು ಅರ್ಧ ಗಂಟೆ ಹಾಡಬೇಕು. ಮನೆಯಲ್ಲಿ ಹಾಡು ಕೇಳುವವರಿದ್ದರೆ ಸಂತೋಷ, ಹಾಡುವವರಿದ್ದರೆ ಇನ್ನೂ ಸಂತೋಷ.’

‘ಮುಂದುವರಿಸುವ ಆಸೆ ಇದೆ’ ಅನ್ನುವ ಮಾತನ್ನು ತೆಗೆಯಿರಿ ಅಂತ ಮನೆಯಲ್ಲಿ ಹೇಳುವವರಿರುತ್ತಾರೆ. ತಂಗಿಯೂ ಹೇಳಿದಳು. ನಾನು ಇರಲಿ ಅಂದೆ. ಅದನ್ನು ಓದಿ ಹಿಂದೆ ಸರಿಯುವ ಮನೆ ಈಗಲೇ ಸರಿದರೆ ಒಳ್ಳೆಯದು. ನಾಲ್ಕು ಸಲ ಬಂದುಹೋದ ಮೇಲೆ ಸರಿದರೆ ಎರಡೂ ಕಡೆಯವರಿಗೆ ನೋವು. ಕೊನೆಯ ವಾಕ್ಯ ಇರುವುದು ಆ ಮನೆಯ ಹಿರಿಯರಿಗಾಗಿ. ‘ನಮ್ಮ ಅವ್ವನೂ ಭಜನಿ ಹಾಡ್ತಿದ್ಲು’ ಅಂತ ಶುರುಮಾಡಲು ಅವರಿಗೊಂದು ಎಳೆ ಸಿಗಬೇಕು.

ಇಲ್ಲಿ ಬಹುಮಾನ, ಪರೀಕ್ಷೆಯ ದರ್ಜೆ, ಕಾರ್ಯಕ್ರಮಗಳ ಪಟ್ಟಿ ಸೇರಿಸುವವರಿದ್ದಾರೆ. ಇದ್ದರೆ ಒಂದನ್ನು ಬರೆಯಿರಿ, ಸಾಕು. ಪಟ್ಟಿ ನೋಡಿದವರು ಮೆಚ್ಚಬಹುದು, ಆದರೆ ಮೆಚ್ಚಿದವರು ಪ್ರಶ್ನೆ ಕೇಳುವುದು ಕಡಿಮೆ.

ಬೆಟ್ಟ ಹತ್ತುವವರಿಗೆ

ನಮ್ಮ ಕಡೆಯ ಚಾರಣಿಗರು ಬರೆಯುವುದು ‘ಪ್ರಕೃತಿ ಪ್ರೇಮಿ’, ‘ಬೆಟ್ಟಗಳು ಕರೆಯುತ್ತಿವೆ’ ಅಂತ. ಅದೇ ಬಯೋ ಚಿಕ್ಕಮಗಳೂರಿನವರದ್ದೂ ಆಗಬಹುದು. ಆದರೆ ಬಯಲುಸೀಮೆಯಲ್ಲಿದ್ದು ಬೆಟ್ಟ ಹತ್ತುವುದೇ ಕೇಳುವಂಥ ಸಂಗತಿ, ಅದನ್ನು ಬಿಟ್ಟು ಪಶ್ಚಿಮ ಘಟ್ಟದ ಹೆಸರು ಹಾಕಿಕೊಳ್ಳುತ್ತಾರೆ.

ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟ ಇದೆ. ಬೆಟ್ಟಗಳ ಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಆ ಆಕಾರ ಉಳಿಯುವುದಿಲ್ಲ, ಬರೀ ಬಂಡೆಗಳು. ಆ ಕಡೆಯ ಒಬ್ಬ ಗೆಳೆಯನಿಗೆ ಬರೆದುಕೊಟ್ಟದ್ದು ಇದು:

ಶಹಾಪುರದ ಬುದ್ಧ ಮಲಗಿದ ಬೆಟ್ಟ ಹತ್ತಿದೆ. ಮೇಲೆ ಹೋದರೆ ಬುದ್ಧ ಕಾಣುವುದಿಲ್ಲ. ಮುಖದ ಬಂಡೆ ಯಾವುದು ಅಂತ ಹುಡುಕುತ್ತಿದ್ದೇನೆ.

ಬೇರೆ ಊರಿನವರು ‘ಬುದ್ಧ ಮಲಗಿದ ಬೆಟ್ಟ ಅಂದ್ರೇನು?’ ಅಂತ ಕೇಳುತ್ತಾರೆ. ಶಹಾಪುರದವರಿಗೆ ಅದು ದಿನಾ ಕಾಣುವ ಬೆಟ್ಟ. ಮೊದಲ ಎರಡು ಸಾಲು ಅವರಿಗೆ ಹೊಸದಲ್ಲ, ಆದರೆ ಮೂರನೆಯದನ್ನು ಓದಿ ‘ಹೆಂಗ ಹುಡುಕ್ತಿ?’ ಅನ್ನುತ್ತಾರೆ. ಅವನು ರಸ್ತೆಯಿಂದ ಫೋಟೊ ತೆಗೆದು, ಗುರುತಿಗೆ ಸಿಗುವ ಒಂದೊಂದು ಬಂಡೆಯನ್ನು ಮೇಲೆ ಹೋಗಿ ತಾಳೆ ನೋಡುತ್ತಾನೆ. ಅದೇ ಅವನ ಉತ್ತರ. ಅವನು ಮೊದಲು ‘ಬುದ್ಧನ ಮೇಲೆ ನಡೆದು ಬಂದೆ’ ಅಂತ ಬರೆದಿದ್ದ. ಕುತೂಹಲ ಅದರಲ್ಲೂ ಇದೆ, ಆದರೆ ಆ ಬೆಟ್ಟವನ್ನು ಭಕ್ತಿಯಿಂದ ನೋಡುವವರಿಗೆ ನೋವಾಗುತ್ತದೆ. ಅಂಥ ಸಾಲು ಪ್ರಶ್ನೆ ತರುವುದಿಲ್ಲ, ಜಗಳ ತರುತ್ತದೆ.

ಬಯೋದಲ್ಲಿ ಇರಬಾರದ್ದು

ಎಲ್ಲರಿಗೂ ಕಾಣುವ ಬಯೋದಲ್ಲಿ ಸಮಯ ಮತ್ತು ಜಾಗ ಎರಡನ್ನೂ ಸೇರಿಸಿ ಬರೆಯಬೇಡಿ. ‘ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬಳೇ ಕೋಟೆ ಸುತ್ತುತ್ತೇನೆ’ ಅನ್ನುವುದು ಬೀದರ್ ಕೋಟೆ ಇಷ್ಟಪಡುವ ಹುಡುಗಿಗೆ ಸೊಗಸಾದ ಸಾಲು ಅನ್ನಿಸಬಹುದು. ಆದರೆ ಅವಳು ಎಲ್ಲಿ, ಯಾವಾಗ, ಒಬ್ಬಳೇ ಸಿಗುತ್ತಾಳೆ ಅಂತ ಊರಿಗೆಲ್ಲ ಹೇಳಿದ ಹಾಗಾಯಿತು. ಸಂಗೀತ ಕ್ಲಾಸಿನ ಬೀದಿ, ಹೋಗಿ ಬರುವ ಹೊತ್ತು ಕೂಡ ಹಾಗೆಯೇ. ಊರಿನ ಹೆಸರು ಸಾಕು. ಮದುವೆಯ ಬಯೋಡೇಟಾದಲ್ಲೂ ಬರೆಯುವುದು ‘ರಾತ್ರಿ ಊಟ ಆದ ಮೇಲೆ’ ಅಂತ, ಅದು ಮನೆಯ ಒಳಗಿನ ಮಾತು.

ಗುರುಗಳ ಹೆಸರನ್ನೂ ಅವರನ್ನು ಕೇಳದೆ ಹಾಕಬೇಡಿ. ಹೆಸರು ನೋಡಿದವರು ನಿಮ್ಮ ಹಾಡನ್ನು ಅವರ ಹಾಡಿನ ಜೊತೆ ತೂಗುತ್ತಾರೆ, ಕಲಿಕೆಯ ಮೊದಲ ವರ್ಷಗಳಲ್ಲಿ ಅದು ನಿಮಗೂ ಭಾರ, ಅವರಿಗೂ ಭಾರ.

ಇನ್ನು ಬಯೋದಲ್ಲಿ ಬರೆದದ್ದು ಹಳೆಯದಾದರೆ ತಕ್ಷಣ ಬದಲಿಸಿ. ತಂಗಿ ಮಗಳಿಗೆ ಗುರುಗಳು ಅಂತರಾ ಶುರುಮಾಡಿಸಿದ ವಾರವೇ ಅವಳು ಬಯೋದ ಮೂರನೇ ವಾಕ್ಯ ತಿದ್ದಿದಳು. ಹಾಗೆ ತಿದ್ದುವಾಗ ಮೊದಲ ವಾಕ್ಯವನ್ನು ಮುಟ್ಟಬೇಡಿ, ಪ್ರಶ್ನೆ ತರುವುದು ಅದು. ನೀವು ಈಗ ಎಲ್ಲಿದ್ದೀರಿ ಅಂತ ಹೇಳುವ ವಾಕ್ಯ ಮಾತ್ರ ಬದಲಾಗಲಿ. ಮೊದಲು ಕೇಳಿದ್ದವರೇ ಅದನ್ನು ನೋಡಿ ಮತ್ತೆ ಮಾತಿಗೆ ಬರುತ್ತಾರೆ, ‘ಎರಡನೇ ಸಾಲಿಗೆ ಬಂದ್ರೇನ್ರಿ?’ ಅಂತ.